ಒಂದು ‘ಅಥವಾ’ದ ಬೆಲೆ: ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರ ವಿಮೆಯ ಷರತ್ತನ್ನು ಕನ್ನಡಕ್ಕೆ ತರುವಾಗ

ಊರಿನಿಂದ ಅಪ್ಪ ಅಮ್ಮ ಬರುವಾಗ ವಿಸಿಟರ್ಸ್ ಇನ್ಶೂರೆನ್ಸ್ ಮಾಡಿಸಬೇಕು ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡಿಡಕ್ಟಿಬಲ್ ಎಂದರೇನು ಎಂಬುದೂ ಮೊದಲ ವರ್ಷವೇ ಗೊತ್ತಾಗುತ್ತದೆ. ನನ್ನ ಮಾತು ಆ ಪಾಲಿಸಿಯ ಒಂದೇ ಒಂದು ಷರತ್ತಿನ ಬಗ್ಗೆ. ಕಳೆದ ತಿಂಗಳು ಹೊಸದಾಗಿ ಬಂದ ಗೆಳೆಯನೊಬ್ಬ ಫೋನಿನಲ್ಲಿ ತಾಯಿಗೆ, “ಹಳೆಯ ಕಾಯಿಲೆ ಇದ್ದಕ್ಕಿದ್ದಂತೆ ಜೋರಾದರೂ ಕಂಪನಿ ಹಣ ಕೊಡುತ್ತದೆ, ನೀನು ಧೈರ್ಯವಾಗಿ ಬಾ ಅಮ್ಮ” ಎನ್ನುತ್ತಿದ್ದ. ನಾಲ್ಕು ವರ್ಷಗಳ ಹಿಂದೆ ನಾನೂ ನಮ್ಮ ಅಪ್ಪನಿಗೆ ಇದನ್ನೇ ಹೇಳಿದ್ದೆ.

ಅಪ್ಪನಿಗೆ ಹತ್ತು ವರ್ಷಗಳಿಂದ ಬಿ.ಪಿ. ಮಾತ್ರೆ. ಬಂದ ಮೂರನೆಯ ವಾರ ಶುಕ್ರವಾರ ಸಂಜೆ ಎದೆ ಹಿಡಿದಂತಾಯಿತು. ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದು ಮಲಗಿದರು. ನಮಗೆ ತೊಂದರೆ ಕೊಡಬಾರದೆಂದು ಶನಿವಾರವೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ನೋವು ತಡೆಯಲಾಗದೆ ಎಮರ್ಜೆನ್ಸಿಗೆ ಓಡಿದೆವು. ಯಾವಾಗಿನಿಂದ ನೋವು ಎಂದು ನರ್ಸ್ ಕೇಳಿದಾಗ ಅಪ್ಪ ಪ್ರಾಮಾಣಿಕವಾಗಿ “ಶುಕ್ರವಾರದಿಂದ” ಎಂದರು. ಆ ಉತ್ತರ ದಾಖಲೆಗೆ ಹೋಯಿತು. ಎರಡು ರಾತ್ರಿಯ ಬಿಲ್ಲು 27,000 ಡಾಲರ್. ಕ್ಲೇಮು ತಿರಸ್ಕೃತವಾಯಿತು. ಆಸ್ಪತ್ರೆಯವರೊಂದಿಗೆ ಮಾತನಾಡಿ ಒಂದಿಷ್ಟು ಇಳಿಸಿಕೊಂಡು, ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆ.

ಕಂಪನಿ ಮೋಸ ಮಾಡಿತು ಎಂದು ವರ್ಷಗಟ್ಟಲೆ ಬೈದುಕೊಂಡು ತಿರುಗಿದ್ದೇನೆ. ನಿಜವಾಗಿ ತಪ್ಪಿದ್ದು ನನ್ನ ಕನ್ನಡ.

ಆ ಷರತ್ತಿನ ಹೆಸರು ‘ಅಕ್ಯೂಟ್ ಆನ್‌ಸೆಟ್ ಆಫ್ ಪ್ರೀ-ಎಕ್ಸಿಸ್ಟಿಂಗ್ ಕಂಡಿಷನ್’. ಅಂದರೆ ಮೊದಲೇ ಇದ್ದ ಕಾಯಿಲೆ ಹಠಾತ್ತಾಗಿ ಮರುಕಳಿಸುವುದು. ಪದಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಹೂರಣ ಬಹುತೇಕ ಒಂದೇ: ಹಣ ಸಿಗಬೇಕಾದರೆ ಕಾಯಿಲೆಯ ಮರುಕಳಿಕೆ ಹಠಾತ್ತಾಗಿರಬೇಕು, ಅನಿರೀಕ್ಷಿತವಾಗಿರಬೇಕು, ವೈದ್ಯರ ಸಲಹೆ ಅಥವಾ ರೋಗಲಕ್ಷಣದ ರೂಪದ ಮುನ್ಸೂಚನೆಯಿಲ್ಲದೆ ಬಂದಿರಬೇಕು, ಬೇಗ ಬೇಗ ಬಿಗಡಾಯಿಸುವಂಥದ್ದಾಗಿರಬೇಕು, ತುರ್ತು ಚಿಕಿತ್ಸೆ ಬೇಡುವಂತಿರಬೇಕು, ಮತ್ತು ಶುರುವಾದ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು. ಇದರಲ್ಲಿ ನಾನು ಉಳಿಸಿಕೊಂಡದ್ದು ‘ಇದ್ದಕ್ಕಿದ್ದಂತೆ’ ಎಂಬ ಒಂದು ಪದ. ಸರಳಗೊಳಿಸುತ್ತಿದ್ದೇನೆ ಅಂದುಕೊಂಡು ಐದು ಷರತ್ತುಗಳನ್ನು ಅಳಿಸಿದ್ದೆ.

ಇವೆಲ್ಲವೂ ‘ಮತ್ತು’ವಿನಿಂದ ಕಟ್ಟಿದವು, ಒಂದು ಬಿದ್ದರೆ ಎಲ್ಲವೂ ಬಿದ್ದಂತೆ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಉದ್ದ ವಾಕ್ಯವನ್ನು ಒಡೆಯಿರಿ, ಆದರೆ ತಲೆಯ ಮೇಲೆ ‘ಕೆಳಗಿನ ಎಲ್ಲವೂ ನಿಜವಾಗಿದ್ದರೆ ಮಾತ್ರ’ ಎಂದು ಬರೆದು ಆಮೇಲೆ ಒಡೆಯಿರಿ. ವಾಕ್ಯ ಎಷ್ಟು ಚಿಕ್ಕದಾದರೂ ಷರತ್ತುಗಳ ಎಣಿಕೆ ಕಡಿಮೆಯಾಗಬಾರದು. ಮೂಲದಲ್ಲಿ ಆರಿದ್ದರೆ ನಿಮ್ಮದರಲ್ಲೂ ಆರಿರಬೇಕು. ಬೆರಳು ಮಡಿಸಿ ಎಣಿಸಿ, ನಾಚಿಕೆ ಬೇಡ.

ಇನ್ನು ಆ ‘ಅಥವಾ’. ಪಾಲಿಸಿಯ ಇಂಗ್ಲಿಷಿನಲ್ಲಿ ‘ಇಲ್ಲದೆ’ ಎಂಬುದು ಮೊದಲು ಬಂದು, ಅದರ ಕೆಳಗೆ ‘ಸಲಹೆ ಅಥವಾ ಲಕ್ಷಣ’ ಬರುತ್ತದೆ. ಅದರ ಅರ್ಥ, ಎರಡೂ ಇರಕೂಡದು. ‘ಸಲಹೆ ಅಥವಾ ಲಕ್ಷಣ ಇಲ್ಲದೆ’ ಎಂದು ಹಾಗೆಯೇ ಕನ್ನಡಕ್ಕೆ ಎತ್ತಿಟ್ಟರೆ, ಎರಡರಲ್ಲಿ ಒಂದು ಇಲ್ಲದಿದ್ದರೂ ಸಾಕು ಎಂದು ಕೇಳಿಸುತ್ತದೆ. ಅಪ್ಪನಿಗೆ ಯಾವ ವೈದ್ಯರೂ ಎಚ್ಚರಿಕೆ ಕೊಟ್ಟಿರಲಿಲ್ಲ, ಹಾಗಾಗಿ ಷರತ್ತು ದಾಟಿದೆವು ಎಂದೇ ನಾನು ಮೇಲ್ಮನವಿಯಲ್ಲಿ ವಾದಿಸಿದ್ದೆ. ಶುಕ್ರವಾರದ ಎದೆನೋವು ‘ಲಕ್ಷಣ’ ಎಂದು ಅವರು ಎರಡು ಸಾಲಿನಲ್ಲಿ ಮುಗಿಸಿದರು. ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಚೊಕ್ಕವಾದ ಸಾಧನವಿದೆ: ‘ವೈದ್ಯರ ಎಚ್ಚರಿಕೆಯಾಗಲಿ ಲಕ್ಷಣವಾಗಲಿ ಮೊದಲೇ ಇದ್ದಿರಬಾರದು’. ನಿಷೇಧದ ಕೆಳಗೆ ‘ಅಥವಾ’ ಕಂಡಲ್ಲೆಲ್ಲ ‘ಆಗಲಿ... ಆಗಲಿ’ ಹಾಕಿ, ಗೊಂದಲ ಹುಟ್ಟುವುದೇ ಇಲ್ಲ.

ಮತ್ತೊಂದು ಜಾರುವ ಜಾಗ ‘ಪ್ರೀ-ಎಕ್ಸಿಸ್ಟಿಂಗ್ ಕಂಡಿಷನ್’ಗೆ ‘ಹಳೆಯ ಕಾಯಿಲೆ’ ಎಂಬ ಅನುವಾದ. ನಮ್ಮ ಕಿವಿಗೆ ಅದು ಡಾಕ್ಟರು ಹೆಸರಿಟ್ಟ ಕಾಯಿಲೆ. ಹಲವು ಪಾಲಿಸಿಗಳ ವ್ಯಾಖ್ಯೆಯಲ್ಲಿ, ವಿಮೆ ಶುರುವಾಗುವ ಮೊದಲೇ ದೇಹದಲ್ಲಿ ಇದ್ದದ್ದೆಲ್ಲ ಅದರೊಳಗೆ ಬರುತ್ತದೆ, ಅದು ಗೊತ್ತಿರಲಿ ಗೊತ್ತಿಲ್ಲದಿರಲಿ, ಚಿಕಿತ್ಸೆ ಆಗಿರಲಿ ಆಗದಿರಲಿ. “ನಮ್ಮ ಮಾವನಿಗೆ ಏನೂ ಕಾಯಿಲೆಯಿಲ್ಲ” ಎನ್ನುವವರ ಮಾವನಿಗೂ ಇದು ಅನ್ವಯಿಸಬಹುದು. ವ್ಯಾಖ್ಯೆಯ ಪುಟದಲ್ಲಿ ಅರ್ಥ ಕೊಟ್ಟಿರುವ ಪದವನ್ನು ಅನುವಾದಿಸಲೇಬೇಡಿ. ಹಾಗೆಯೇ ಬಿಟ್ಟು, ಕೆಳಗೆ ಅದರ ಪೂರ್ತಿ ಅರ್ಥ ಬರೆಯಿರಿ. ನಿಧಾನವಾಗಿ ಹದಗೆಡುವ ದೀರ್ಘಕಾಲದ ಕಾಯಿಲೆ ಅಕ್ಯೂಟ್ ಆನ್‌ಸೆಟ್ ಅಲ್ಲ ಎಂಬ ಸಾಲೂ ಸಾಮಾನ್ಯವಾಗಿ ಅಲ್ಲಿಯೇ ಎಲ್ಲೋ ಇರುತ್ತದೆ. ವಯಸ್ಸಿನ ಮಿತಿ, ಈ ಸೌಲಭ್ಯಕ್ಕೆಂದೇ ಇರುವ ಬೇರೆ ಗರಿಷ್ಠ ಮೊತ್ತ, ಇವು ಬೇರೆ ಪುಟದ ಕೋಷ್ಟಕದಲ್ಲಿ ಅಡಗಿರುತ್ತವೆ.

ನಮ್ಮ ದೇಶದ ವ್ಯವಸ್ಥೆಯನ್ನು ಬೈಯುವುದು ನಮ್ಮ ಹವ್ಯಾಸ, ಆದರೆ ಈ ವಿಷಯದಲ್ಲಿ ನಾನು ಭಾರತದ ಪರ. ಅಲ್ಲಿ 2024ರಿಂದ ಆರೋಗ್ಯ ವಿಮೆಯ ಜೊತೆ ಪರಿಷ್ಕೃತ ಗ್ರಾಹಕ ಮಾಹಿತಿ ಪತ್ರವನ್ನು ಸರಳ ಭಾಷೆಯಲ್ಲಿ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ. ಅಮೆರಿಕದಲ್ಲಿ ಉದ್ಯೋಗದಾತರ ವಿಮೆಗೆ 2012ರಿಂದ ಕಾನೂನಿನ ಪ್ರಕಾರ ಅಂಥದ್ದೇ ಸಾರಾಂಶ ಪತ್ರ ಬರುತ್ತದೆ, ಆದರೆ ವಿಸಿಟರ್ಸ್ ಪಾಲಿಸಿಗಳು ಆ ಕಾನೂನಿನ ಹೊರಗೆ ಉಳಿದಿವೆ. ಅಂದರೆ ಯಾರಿಗೆ ಸಾರಾಂಶ ಹೆಚ್ಚು ಬೇಕೋ ಅವರಿಗೇ ಇಲ್ಲ. ಬ್ರೋಷರಿನ ಎರಡು ಸಾಲನ್ನು ಸಾರಾಂಶ ಎಂದುಕೊಳ್ಳಬೇಡಿ. ನೀವು ಬರೆಯುವ ಕನ್ನಡಕ್ಕೂ ಕಾನೂನಿನ ಬಲವಿಲ್ಲ. ಪೂರ್ತಿ ಪಾಲಿಸಿಯನ್ನು ಕೇಳಿ ತರಿಸಿಕೊಂಡು, ಪ್ರತಿ ಸಾಲಿನ ಪಕ್ಕ ಅದರ ಪುಟಸಂಖ್ಯೆ ಹಾಕಿ.

ಬರೆದದ್ದು ಸರಿಯೇ ಎಂದು ನೋಡಲು ನಾನು ಈಗ ಒಂದು ಉಪಾಯ ಮಾಡುತ್ತೇನೆ. ಮೂರು ಸಣ್ಣ ಪ್ರಸಂಗ ಕಟ್ಟುತ್ತೇನೆ: ಊಟವಾದ ಮೇಲೆ ಮೊದಲ ಬಾರಿಗೆ ಎದೆನೋವು, ಎರಡು ಗಂಟೆಯಲ್ಲಿ ಆಸ್ಪತ್ರೆ; ಎರಡು ದಿನದಿಂದ ಬಂದು ಹೋಗುತ್ತಿದ್ದ ನೋವು; ತಿಂಗಳಿಂದ ಹೆಚ್ಚುತ್ತಿರುವ ಮಂಡಿನೋವು. ಮೂಲವನ್ನು ಹೆಂಡತಿಗೆ, ನನ್ನ ಕನ್ನಡವನ್ನು ಅಮ್ಮನಿಗೆ ಕೊಟ್ಟು, ಕಂಪನಿ ಹಣ ಕೊಡುತ್ತದೆಯೇ ಎಂದು ಬೇರೆ ಬೇರೆಯಾಗಿ ಕೇಳುತ್ತೇನೆ. ಮೂರರಲ್ಲೂ ಇಬ್ಬರ ಉತ್ತರ ಒಂದೇ ಆದರೆ ಕನ್ನಡ ಸರಿಯಿದೆ. ಹಿಂದಿನ ಬಾರಿ ಎರಡನೆಯ ಪ್ರಸಂಗಕ್ಕೆ ಅಮ್ಮ “ಕೊಡುತ್ತಾರೆ” ಎಂದರು. ಮತ್ತೆ ಕುಳಿತು ತಿದ್ದಿದೆ.

ಒಂದು ಎಚ್ಚರಿಕೆ: ನರ್ಸಿಗೆ ಸುಳ್ಳು ಹೇಳಲು ಹಿರಿಯರಿಗೆ ಕಲಿಸಬೇಡಿ. ನೋವು ಯಾವಾಗ ಶುರುವಾಯಿತು ಎಂಬುದರ ಮೇಲೆ ಚಿಕಿತ್ಸೆಯೇ ನಿಂತಿರುತ್ತದೆ. ಕಲಿಸಬೇಕಾದದ್ದು ತಡಮಾಡದೆ ಹೇಳುವುದನ್ನು. ನಮ್ಮ ಫ್ರಿಜ್ಜಿನ ಮೇಲೆ ಈಗ ಅಂಟಿಸಿರುವ ಚೀಟಿ ಹೀಗಿದೆ:

“ಅಪ್ಪ, ಅಮ್ಮ: ಮೊದಲೇ ಇದ್ದ ಯಾವ ಕಾಯಿಲೆಯಾದರೂ (ನಮಗೆ ಗೊತ್ತಿಲ್ಲದ್ದೂ ಸೇರಿ) ಮತ್ತೆ ಕಾಣಿಸಿಕೊಂಡರೆ, ಕೆಳಗಿನ ಎಲ್ಲವೂ ನಿಜವಾಗಿದ್ದರೆ ಮಾತ್ರ ಕಂಪನಿ ಹಣ ಕೊಡುತ್ತದೆ. ಹಠಾತ್ತಾಗಿ ಬಂದಿರಬೇಕು. ಬರುತ್ತದೆಂದು ಎಣಿಸಿರಬಾರದು. ವೈದ್ಯರ ಎಚ್ಚರಿಕೆಯಾಗಲಿ ಲಕ್ಷಣವಾಗಲಿ ಮೊದಲೇ ಇದ್ದಿರಬಾರದು. ಬೇಗ ಬೇಗ ಹೆಚ್ಚಾಗುತ್ತಿರಬೇಕು. ತಕ್ಷಣ ಚಿಕಿತ್ಸೆ ಬೇಕಾಗುವಂತಿರಬೇಕು. ಶುರುವಾದ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು. ಆದ್ದರಿಂದ ಮೈಯಲ್ಲಿ ಏನಾದರೂ ಹೊಸದು ಅನ್ನಿಸಿದರೆ ಮಧ್ಯರಾತ್ರಿಯಾದರೂ ನನ್ನನ್ನು ಎಬ್ಬಿಸಿ. ಕಷಾಯ ಆಮೇಲೆ.”