ಮುಂಗಡ ತೆರಿಗೆಯ ಬಡ್ಡಿ: ನಾನು ಕಂಡುಕೊಂಡ ದಾರಿ

ನಾನು ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್. 2023-24ರಲ್ಲಿ ದೊಡ್ಡ ಬಿಲ್ಲುಗಳ ಹಣ ಬಂದದ್ದು ಜನವರಿಯಲ್ಲಿ. ಟಿಡಿಎಸ್ ಕಳೆದು ಉಳಿದ 1,00,000 ರೂಪಾಯಿ ತೆರಿಗೆಯನ್ನು ಮಾರ್ಚ್ 15ರೊಳಗೇ ಕಟ್ಟಿದ್ದೆ. ಆದರೂ ರಿಟರ್ನ್ಸ್‌ನಲ್ಲಿ, ಮುಂಗಡ ತೆರಿಗೆಯ ಕಂತು ಕಡಿಮೆಯಾದರೆ ಬಡ್ಡಿ ಹಾಕುವ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಸಿ ಅಡಿ 4,050 ರೂಪಾಯಿ ಬಡ್ಡಿ ಕಾಣಿಸಿತು.

ಹಣ ಯಾವಾಗ ಕೈಸೇರಿತು ಎಂಬುದನ್ನು ಈ ಲೆಕ್ಕ ನೋಡುವುದಿಲ್ಲ. ಇಡೀ ವರ್ಷದ ತೆರಿಗೆಯಲ್ಲಿ ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ 45, ಡಿಸೆಂಬರ್ 15ಕ್ಕೆ 75 ಕಟ್ಟಿರಬೇಕು. ಪ್ರತಿ ಕೊರತೆಗೂ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳ ಬಡ್ಡಿ: 450, 1,350, 2,250. ವೃತ್ತಿಯ ಆದಾಯ ಏರಿಳಿಯುವವರಿಗೆ ಇದು ಕಠಿಣವೇ.

ಮುಂದಿನ ವರ್ಷ, ಕೆಲವು ವೃತ್ತಿಗಳವರು ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟಲು ಬಿಡುವ ಸೆಕ್ಷನ್ 44ಎಡಿಎ ಆರಿಸಿಕೊಂಡೆ. ಎಂಜಿನಿಯರಿಂಗ್ ಅದರ ಪಟ್ಟಿಯಲ್ಲಿದೆ. ಗಳಿಕೆಯ ಅರ್ಧವನ್ನಾದರೂ ಆದಾಯವೆಂದು ತೋರಿಸಬೇಕು. ಅಲ್ಲಿ ಮಾರ್ಚ್ 15ರೊಳಗೆ ಒಂದೇ ಕಂತು ಸಾಕು. ಬಡ್ಡಿ ಬೀಳಲಿಲ್ಲ.