ಕಪ್ಪು ಮುಂಡಿನ ಬಿಳಿ ಗೆರೆ

ವೃಶ್ಚಿಕ ಮಾಸ ಬಂತೆಂದರೆ ಬದಿಯಡ್ಕದ ನಮ್ಮ ಮನೆಯಲ್ಲಿ ಮಾಲೆ ಹಾಕಿದವರ ಕಪ್ಪು ಮುಂಡುಗಳದ್ದೇ ರಾಶಿ. ಟಾಪ್ ಲೋಡ್ ಮೆಷಿನ್ನಿಂದ ತೆಗೆದಾಗ ಚೆನ್ನಾಗಿಯೇ ಕಾಣುತ್ತವೆ, ಒಣಗಿದ ಮೇಲೆ ಮಡಿಕೆಗಳಲ್ಲಿ ಬಿಳಿ ಗೆರೆ.

ಗೆರೆ ಯಾವುದರದ್ದೆಂದು ಮೊದಲು ನೋಡಿದೆ. ಒದ್ದೆ ಬೆರಳಲ್ಲಿ ಉಜ್ಜಿದಾಗ ಜಾರಿ ಕರಗಿದರೆ ಸೋಪಿನ ಪುಡಿ, ಉಗುರಿಗೆ ಎದ್ದು ಬಂದರೆ ನೂಲಿನ ಜುಂಗು. ನಮ್ಮಲ್ಲಿ ಎರಡೂ ಇತ್ತು. ನೀರಿನ ಸುಣ್ಣದ ಅನುಮಾನ ಬರಲಿಲ್ಲ. ಮುರಕಲ್ಲಿನ ಗುಡ್ಡದ ಸುರಂಗದ ನೀರು ನಮ್ಮದು, ಒಂದು ಚಿಟಿಕೆ ಸೋಪಿಗೇ ನೊರೆ ಉಕ್ಕುತ್ತದೆ. ಬೋರ್‌ವೆಲ್‌ನ ಗಡಸು ನೀರಿನವರಾದರೆ ಸುಣ್ಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡ್ರಮ್ಮಿನ ಒಳಗೋಡೆಯಲ್ಲಿರುವ ಲಿಂಟ್ ಫಿಲ್ಟರಿನ ಕ್ಲಿಪ್ ಒತ್ತಿ ಎಳೆದರೆ ಬಲೆಯ ಚೀಲ ಕೈಗೆ ಬರುತ್ತದೆ. ನಮ್ಮದರ ಒಳಗೆ ಬೂದು ಬಣ್ಣದ ಜುಂಗು ಸೋಪಿನೊಂದಿಗೆ ಸೇರಿ ಗಟ್ಟಿಯಾಗಿ ಕೂತಿತ್ತು. ಬಲೆ ತುಂಬಿದರೆ ಜುಂಗು ಬಟ್ಟೆಗೇ ಮರಳುತ್ತದೆ. ಚೀಲವನ್ನು ಮಗುಚಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಹರಿಯುವ ನೀರಲ್ಲಿ ತೊಳೆದೆ. ಅದು ಕೂರುವ ಸಂದಿಗೂ ಬ್ರಷ್ ಹಾಕಬೇಕು, ಲೋಳೆ ಇರುವುದು ಅಲ್ಲೇ.

ಡ್ರಮ್ಮಿನ ತೂತುಗಳಾಚೆ, ಹೊರಗಿನ ತೊಟ್ಟಿಯ ಗೋಡೆಗೆ ಅಂಟಿದ ಸೋಪಿನ ಪದರಕ್ಕೆ ಕೈ ತಲುಪುವುದಿಲ್ಲ. ಅದಕ್ಕೆ ನೆನೆಹಾಕುವುದೇ ದಾರಿ. ಬಟ್ಟೆ ಹಾಕದೆ ನೀರಿನ ಮಟ್ಟವನ್ನು ಅತಿ ಹೆಚ್ಚಿಗೆ ಇಟ್ಟು, ಬಚ್ಚಲ ಹಂಡೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ತಂದು ಸುರಿದೆ. ಕೈ ಸುಡುವಷ್ಟಿದ್ದರೆ ಸಾಕು. ಕೊತಕೊತ ಕುದಿಯುವ ನೀರು ಪ್ಲಾಸ್ಟಿಕ್ಕಿಗೆ ಆಗದು. ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ, ಸ್ವಲ್ಪ ಹೊತ್ತು ತಿರುಗಿಸಿ, ನಿಲ್ಲಿಸಿ ಒಂದು ಗಂಟೆ ಬಿಟ್ಟೆ. ಮತ್ತೆ ತಿರುಗಿಸಿದಾಗ ಸುಟ್ಟ ಕಾಗದದಂಥ ಚೂರುಗಳು ತೇಲಿಬಂದವು. ನೀರು ಹೊರಹೋಗುವ ಮೊದಲೇ ಅವನ್ನು ಚಹಾ ಸೋಸುವ ಜಾಲರಿಯಲ್ಲಿ ಎತ್ತಿಬಿಡಬೇಕು, ಇಲ್ಲದಿದ್ದರೆ ಮತ್ತೆ ತೂತುಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಕೊನೆಗೆ ತಣ್ಣೀರಲ್ಲಿ ಜಾಲಿಸಿದೆ. ಬ್ಲೀಚನ್ನೂ ವಿನೆಗರನ್ನೂ ಒಟ್ಟಿಗೆ ಹಾಕಲೇಬಾರದು, ವಿಷದ ಗಾಳಿ ಏಳುತ್ತದೆ.

ಆಮೇಲೆ ಸೋಪು ಹಾಕದೆ ಒಂದು ಹಳೆ ಕಪ್ಪು ಬಟ್ಟೆಯನ್ನು ಮಾತ್ರ ಓಡಿಸಿ ನೆರಳಲ್ಲಿ ಒಣಗಿಸಿದೆ. ಗೆರೆ ಇಲ್ಲ, ಅಂದರೆ ಡ್ರಮ್ ಶುದ್ಧ. ಆದರೂ ಮುಂದಿನ ಒಗೆತದಲ್ಲಿ ಒಂದು ಮುಂಡಿನ ಅಂಚಿಗೆ ತೆಳು ಗೆರೆ ಬಿತ್ತು. ಈಗ ಉಳಿದದ್ದು ಪುಡಿಯ ತಪ್ಪು. ಪೊಟ್ಟಣದಲ್ಲಿ ಬರೆದ ಅಳತೆ ನಮ್ಮ ಮೆದು ನೀರಿಗೆ ಜಾಸ್ತಿ. “ನೊರೆ ಇಲ್ಲದಿದ್ದರೆ ಕೊಳೆ ಹೋಗುವುದೆಂತ?” ಎಂದು ಅತ್ತೆ ಗೊಣಗಿದರೂ ಅರ್ಧಕ್ಕಿಳಿಸಿದೆ. ಆ ಅರ್ಧವನ್ನೂ ಬಟ್ಟೆಯ ಮೇಲೆ ಉದುರಿಸದೆ ಒಂದು ಚೆಂಬು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಮೆಷಿನ್ನಿಗೆ ನೀರು ತುಂಬಿದ ಮೇಲೆ ಸುರಿಯುತ್ತೇನೆ. ಮುಂಡು ಉದ್ದದ ಬಟ್ಟೆ, ಸುತ್ತಿಕೊಂಡರೆ ಮಡಿಕೆಯೊಳಗೆ ನೀರು ಹೋಗುವುದಿಲ್ಲ. ಹಾಗಾಗಿ ಡ್ರಮ್ಮನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ, ಕಪ್ಪು ಬಟ್ಟೆಗೆ ಒಂದು ಸಲ ಹೆಚ್ಚು ಜಾಲಿಸುತ್ತೇನೆ.

ಬಲೆ ಹರಿದಿದ್ದರೆ ತೊಳೆದು ಪ್ರಯೋಜನವಿಲ್ಲ. ಹೊಸದು ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಕ್ಲಿಪ್ಪಿನ ಅಳತೆ ಒಂದೊಂದು ಮೆಷಿನ್ನಿಗೆ ಒಂದೊಂದು.