ವಿದೇಶದಲ್ಲಿದ್ದರೂ ಊರಿನ ನಂಬರಿಗೆ ಒಟಿಪಿ ಬರಲಿ

ನಮ್ಮ ನಂಬರು ಪೋಸ್ಟ್‌ಪೇಯ್ಡ್ ಆಗಿದ್ದರೆ, ಹೊರಡುವ ಮೊದಲೇ ಪ್ರೀಪೇಯ್ಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲವಾದರೆ ಬಳಸದ ಡೇಟಾಕ್ಕೂ ತಿಂಗಳು ತಿಂಗಳು ಬಿಲ್ ಕಟ್ಟಬೇಕು. ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ತಂದ ನಿಯಮದಿಂದಾಗಿ ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್‌ಗಳಿಗೆ 365 ದಿನಗಳವರೆಗೂ ಅವಧಿ ಇರಬಹುದು. ನಮಗೆ ಬೇಕಾದದ್ದು ಅಂಥ ಪ್ಯಾಕ್. ಮೊಬೈಲ್ ಕಂಪನಿಯ ಆ್ಯಪ್‌ನ ಮೊದಲ ಪುಟದಲ್ಲಿ ಅದು ಕಾಣದಿದ್ದರೆ ಬೇರೆ ವಿಭಾಗಗಳಲ್ಲಿ ಹುಡುಕಿ.

ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆಯನ್ನು ಊರಿನಲ್ಲಿದ್ದಾಗಲೇ ಆನ್ ಮಾಡಿಸಿ. ಫೋನಿನಲ್ಲಿ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಸಾಮಾನ್ಯವಾಗಿ ರೋಮಿಂಗ್‌ನಲ್ಲಿ ಬರುವ ಎಸ್ಎಂಎಸ್‌ಗೆ ಶುಲ್ಕವಿಲ್ಲ, ಆದರೆ ಕರೆ ಎತ್ತಿದರೆ ಹಣ ಹೋಗುತ್ತದೆ.

ಹಲವರು ಎಡವುವುದು ಇಲ್ಲಿ: ಒಟಿಪಿ ಬರುತ್ತಿದೆ ಎಂದ ಮಾತ್ರಕ್ಕೆ ನಂಬರು ಬಳಕೆಯಲ್ಲಿದೆ ಎಂದು ಲೆಕ್ಕವಾಗುವುದಿಲ್ಲ. ಕರೆ, ಡೇಟಾ ಅಥವಾ ನಾವು ಕಳುಹಿಸುವ ಎಸ್ಎಂಎಸ್ ಯಾವುದೂ ಇಲ್ಲದೆ 90 ದಿನ ಕಳೆದರೆ ಸಂಪರ್ಕ ಕಡಿತವಾಗಬಹುದು. ಮುಖ್ಯ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ, ಆ 20 ರೂಪಾಯಿ ಕಡಿತ ಮಾಡಿಕೊಂಡು ಇನ್ನೂ 30 ದಿನ ನಂಬರನ್ನು ಉಳಿಸುತ್ತಾರೆ. ನಾನು ಸದಾ 100 ರೂಪಾಯಿ ಇಟ್ಟಿರುತ್ತೇನೆ. ಜೊತೆಗೆ ಎರಡು ತಿಂಗಳಿಗೊಮ್ಮೆ ಅಮ್ಮನಿಗೆ ಒಂದು ಎಸ್ಎಂಎಸ್ ಕಳುಹಿಸುತ್ತೇನೆ. ಅವರ ಉತ್ತರ ತಲುಪಿತೆಂದರೆ ಎರಡೂ ಕಡೆಯ ದಾರಿ ತೆರೆದಿದೆ ಎಂದು ಗೊತ್ತಾಗುತ್ತದೆ.